ಮೂರು ಬೆರಳು ಹಿಡಿಸದ ಬಾಯಿ

ಒಂದು ನಿಮಿಷ, ಪುಟ ತಿರುಗಿಸಬೇಡಿ. ಭಾಷಣದ ಕಥೆ ಎಂದ ಕೂಡಲೇ ನಿಮಗೆ ಆಕಳಿಕೆ ಬರುತ್ತದೆ, ಗೊತ್ತು. ಬರಲಿ, ಬಾಯಿ ತುಂಬ ಆಕಳಿಸಿ. ಹಾಗೆ ಬಾಯಿ ಬಿಡಲು ಬರುವುದೇ ಎಂಥ ಭಾಗ್ಯ ಅನ್ನುವುದು ಕಥೆ ಮುಗಿಯುವಷ್ಟರಲ್ಲಿ ತಿಳಿಯುತ್ತದೆ. ಪೂರ್ತಿ ಕೇಳಿ, ಆಮೇಲೆ ಬೈಯುವುದಿದ್ದರೆ ಬೈಯಿರಿ. ಈಗಾಗಲೇ ಬೈದವರ ಸಾಲು ಉದ್ದವಿದೆ, ನಿಮಗೂ ಜಾಗ ಮಾಡಿಕೊಡುತ್ತೇನೆ.

ನಾನು ಹಲ್ಲಿನ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್. ಅಂದರೆ ಓದು ಮುಗಿದಿದೆ, ಡಾಕ್ಟರ್ ಎನಿಸಿಕೊಳ್ಳಲು ಅರ್ಧ ಹಕ್ಕು ಬಂದಿದೆ, ಕೆಲಸ ಮಾತ್ರ ಪೂರ್ತಿ. ಮನೆಯಲ್ಲಿ ನನ್ನ ಹೆಸರು ಬಾಯಿಬಡುಕಿ. ನನ್ನ ತಮ್ಮನನ್ನು ಅವನ ಕಾಲೇಜಿನಲ್ಲಿ ರೇಡಿಯೋ ಎಂದು ಕರೆಯುತ್ತಾರೆ. ಯಾವ ಕಾರ್ಯಕ್ರಮವಿದ್ದರೂ ಮೈಕು ಅವನ ಕೈಯಲ್ಲೇ. "ಒಂದು ಮನೆಗೆ ಎರಡು ಬಾಯಿ ಜಾಸ್ತಿಯಾಯ್ತು, ನನಗೆ ಎರಡು ಕಿವಿ ಸಾಲಲ್ಲ" ಎಂದು ಅಮ್ಮ ಗೊಣಗುತ್ತಿರುತ್ತಾಳೆ.

ಆ ಎರಡನೇ ಬಾಯಿಯ ಬಗ್ಗೆ ನನಗೆ ಅನುಮಾನ ಶುರುವಾಗಿದ್ದು ಊಟದ ಮೇಜಿನ ಮುಂದೆ. ಖಾರವಿಲ್ಲದೆ ತುತ್ತೆತ್ತದವನು ಮೆಣಸಿನಕಾಯಿಯನ್ನು ತಟ್ಟೆಯ ಅಂಚಿಗೆ ತಳ್ಳತೊಡಗಿದ. ತುತ್ತಿಗೊಂದು ಗುಟುಕು ತಣ್ಣೀರು. ಬನ್ನನ್ನು ಮೊದಲು ಎರಡೇ ಬಾಯಿಗೆ ಮುಗಿಸುತ್ತಿದ್ದವನು ಈಗ ಚೂರು ಚೂರು ಕಿತ್ತು, ಹಕ್ಕಿಗೆ ಕಾಳು ಹಾಕುವ ಹಾಗೆ ಬಾಯೊಳಗೆ ತೂರಿಸುತ್ತಿದ್ದ. ಅಂಗಿಯ ಜೇಬಿನಲ್ಲಿ ಯಾವಾಗಲೂ ಸಿಹಿ ಅಡಿಕೆಯ ಮಿಂಚುವ ಪ್ಯಾಕೆಟ್ಟುಗಳ ಸರ. ಒಂದನ್ನು ಹರಿದು, ತಲೆ ಹಿಂದಕ್ಕೆ ವಾಲಿಸಿ, ಸುರಿದುಕೊಂಡು, ಕೆನ್ನೆಯ ಒಂದು ಕಡೆ ಒತ್ತರಿಸಿದರೆ ಆಯಿತು. ಅದು ಖಾಲಿಯಾಗುವಷ್ಟರಲ್ಲಿ ಇನ್ನೊಂದು.

"ಬಾಯಿ ತೋರಿಸೋ ಒಂದ್ಸಲ."

"ಯಾಕೆ, ಪ್ರಾಕ್ಟೀಸಿಗೆ ಬೇರೆ ಯಾರೂ ಸಿಗ್ಲಿಲ್ವಾ ನಿಂಗೆ?"

"ಉರಿ ಇದೆ ತಾನೆ? ಖಾರ ತಗುಲಿದ್ರೆ ಉರಿಯತ್ತೆ ತಾನೆ?"

"ನಿನ್ನ ಮಾತು ಕೇಳಿದ್ರೂ ಉರಿಯತ್ತೆ. ಅದಕ್ಕೇನು ಮಾಡೋಣ?"

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆ ಗಿಡ ನಾನೇ. ಜಗಳ ಜೋರಾದಾಗ ಅವನು ಜೇಬಿನಿಂದ ಪ್ಯಾಕೆಟ್ ತೆಗೆದು ನನ್ನ ಮೂಗಿನ ಮುಂದೆ ಹಿಡಿದ. "ಓದು. ತಂಬಾಕು ಇಲ್ಲ ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ. ಇದು ಬರೀ ಬಾಯಿ ವಾಸನೆಗೆ. ಅಷ್ಟೇ ಅಲ್ಲ ಕಣೇ, ನಿಮ್ಮ ಆಸ್ಪತ್ರೆ ಗೋಡೆ ಮೇಲೆ ದೊಡ್ಡ ಪೋಸ್ಟರ್ ಹಾಕಿದೀರಲ್ಲ, ಅದರಲ್ಲಿ ಏನಿದೆ? ತಂಬಾಕು ಬಿಡಿ, ಅಷ್ಟೇ. ಅಡಿಕೆ ಬಿಡಿ ಅಂತ ಎಲ್ಲಿದೆ ತೋರ್ಸು. ಇದ್ರೆ ಇವತ್ತೇ ಬಿಡ್ತೀನಿ."

ನಮ್ಮ ಪೋಸ್ಟರಿನಲ್ಲಿ ನಿಜವಾಗಿಯೂ ಅಡಿಕೆಯ ಸುದ್ದಿ ಇರಲಿಲ್ಲ. ಸಿಗರೇಟು, ಜಗಿಯುವ ತಂಬಾಕು, ಒಂದು ಕಪ್ಪು ಹಲ್ಲಿನ ಚಿತ್ರ, ಮುಗಿಯಿತು.

ಇದಾದ ಮೇಲೆಯೇ ಭಾಷಣ ಬಂದದ್ದು. ಅವನ ಕಾಲೇಜಿನಲ್ಲಿ ಬಾಯಿ ಆರೋಗ್ಯ ದಿನ. ನಮ್ಮ ಆಸ್ಪತ್ರೆಯಿಂದ ತಪಾಸಣೆ, ಅದಕ್ಕೆ ಮೊದಲು ಐದು ನಿಮಿಷದ ಭಾಷಣ. "ಯಾರು ಮಾತಾಡ್ತೀರಾ?" ಎಂದು ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಕೇಳಿ ಮುಗಿಸುವ ಮೊದಲೇ ನನ್ನ ಕೈ ಮೇಲಿತ್ತು. ರಾತ್ರಿಯೆಲ್ಲ ಬರೆದು ಮರುದಿನ ಕೊಟ್ಟೆ. ಮೇಡಂ ಲವಂಗದೆಣ್ಣೆಯ ವಾಸನೆಯ ಆ ಕೋಣೆಯಲ್ಲಿ ಕನ್ನಡಕ ಏರಿಸಿ ಓದಿದರು. ತಂಬಾಕಿಗೆ ಅರ್ಧ, ಅಡಿಕೆಗೆ ಅರ್ಧ. "ಭೇಷ್, ಒಳ್ಳೆ ಹುಡುಗಿ. ಉಸಿರು ತಗೊಂಡು ಮಾತಾಡು, ಅಷ್ಟು ಸಾಕು" ಎಂದರು.

ಕಾರ್ಯಕ್ರಮದ ಹಿಂದಿನ ದಿನ ಅದೇ ಕೋಣೆಗೆ ಮತ್ತೆ ಕರೆದರು. ಕಾಲೇಜಿನ ಸಂಚಾಲಕ ಮೇಷ್ಟ್ರು ಫೋನ್ ಮಾಡಿದ್ದರಂತೆ. ಬ್ರಷ್ಷು ಪೇಸ್ಟಿನ ಚೀಲಗಳು, ಬ್ಯಾನರು, ಮೈಕು, ಎಲ್ಲದರ ಖರ್ಚು ಆ ಕಾಲೇಜಿನ ಹಳೇ ವಿದ್ಯಾರ್ಥಿಯೊಬ್ಬರದು. ಮುಖ್ಯ ಅತಿಥಿಯೂ ಅವರೇ. ಅವರ ವ್ಯಾಪಾರ ಏನು ಗೊತ್ತೇ? ಸಿಹಿ ಅಡಿಕೆ ಪ್ಯಾಕೆಟ್.

"ಅಡಿಕೆ ಭಾಗ ತೆಗೆದುಬಿಡು" ಎಂದರು ಮೇಡಂ, ನನ್ನ ಮುಖ ನೋಡದೆ. "ಇಲ್ಲಾಂದ್ರೆ 'ತಂಬಾಕು ಬೆರೆಸಿದ ಅಡಿಕೆ ಒಳ್ಳೇದಲ್ಲ' ಅಂತ ಒಂದು ಮಾತು ಹೇಳಿ ಮುಗಿಸು."

"ಮೇಡಂ, ಹಾಗಂದ್ರೆ ಬೆರೆಸದೇ ಇರೋದು ಒಳ್ಳೇದು ಅಂತಾಯ್ತಲ್ಲ!"

"ನಂಗೆ ಪಾಠ ಹೇಳಬೇಡಮ್ಮ. ಆ ಕಾಲೇಜಿನವರು ಬಾಗಿಲು ಹಾಕಿದ್ರೆ ಅಷ್ಟು ಮಕ್ಕಳ ಬಾಯಿ ನೋಡೋರು ಯಾರು? ಭಾಷಣ ಮರೆತುಹೋಗತ್ತೆ, ತಪಾಸಣೆ ಉಳಿಯತ್ತೆ. ಒಳಗೆ ಹೋಗಿ, ಒಬ್ಬೊಬ್ಬರಿಗೇ ಕಿವಿಯಲ್ಲಿ ಹೇಳು. ಯಾರು ಬೇಡ ಅಂತಾರೆ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ. ಆದರೆ ಸಭೆಯಲ್ಲಿ ನನ್ನ ಪಕ್ಕದಲ್ಲೇ, ಕಾರ್ಯಕ್ರಮ ನಡೆಸಲು ನಿಲ್ಲುವವನು ಯಾರು? ರೇಡಿಯೋ. ನಾನು ಅಡಿಕೆಯ ಮಾತೆತ್ತದೆ ಕೆಳಗಿಳಿದರೆ ಅವನಿಗೆ ಅಷ್ಟು ಸಾಕು. ಪ್ಯಾಕೆಟ್ ಹೇಳಿತು, ಪೋಸ್ಟರ್ ಹೇಳಿತು, ಈಗ ಡಾಕ್ಟರ್ ಅಕ್ಕನೂ ಹೇಳಿದಳು ಎನ್ನುತ್ತಾನೆ. ಆಮೇಲೆ ಆ ಬಾಯನ್ನು ನಾನು ಯಾವತ್ತೂ ನೋಡಲಾರೆ. ಅದು ಪೂರ್ತಿ ಮುಚ್ಚಿಕೊಳ್ಳುವವರೆಗೆ.

ಮೇಡಂಗೆ "ಸರಿ" ಎನ್ನಲಿಲ್ಲ, "ಇಲ್ಲ" ಎನ್ನಲೂ ಇಲ್ಲ. "ಹ್ಞೂಂ" ಎಂದೆ. ಕನ್ನಡದಲ್ಲಿ ಅದೊಂದು ಸೌಲಭ್ಯ.

ಸಭಾಂಗಣದಲ್ಲಿ ಫ್ಯಾನುಗಳ ಸದ್ದಿಗಿಂತ ಹುಡುಗರ ಗಲಾಟೆ ಜೋರಾಗಿತ್ತು. ಪ್ಲಾಸ್ಟಿಕ್ ಕುರ್ಚಿಗಳು, ಹಿಂದಿನ ಗೋಡೆಗೆ ಒರಗಿದ ಪುಂಡರ ಪಡೆ, ಮುಂದಿನ ಸೋಫಾದಲ್ಲಿ ಮುಖ್ಯ ಅತಿಥಿ. ಬಿಳಿ ಅಂಗಿಯ, ನಗುಮುಖದ, ಒಳ್ಳೆಯ ಮನುಷ್ಯರ ಹಾಗೆಯೇ ಇದ್ದರು. ಯಜಮಾನರೇ ಎಂದು ಎಲ್ಲರೂ ಕರೆಯುತ್ತಿದ್ದರು. ಪಕ್ಕದ ಕೋಣೆಯಲ್ಲಿ ನಮ್ಮವರು ತಪಾಸಣೆಗೆ ಕುರ್ಚಿ, ಟಾರ್ಚು, ಕನ್ನಡಿಗಳನ್ನು ಜೋಡಿಸಿಟ್ಟಿದ್ದರು.

ರೇಡಿಯೋ ಮೈಕಿಗೆ ಬೆರಳು ತಟ್ಟಿದ. "ಈಗ ನಿಮ್ಮ ಹಲ್ಲು ಕೀಳಲು ಬರುತ್ತಿದ್ದಾರೆ, ನನ್ನ ಜೀವ ಹಿಂಡಲು ಮನೆಯಲ್ಲೇ ಇರುವ ನಮ್ಮಕ್ಕ!" ಸಭೆ ಗೊಳ್ಳೆಂದಿತು. ನಾನು ಅವನ ಪಕ್ಕ ಹಾದುಹೋಗುವಾಗ ಸಿಹಿ ಅಡಿಕೆಯ ಪರಿಮಳ ಮೂಗಿಗೆ ಬಡಿಯಿತು. ಕೆನ್ನೆಯಲ್ಲಿ ಆಗಲೂ ಒಂದು ಒತ್ತರಿಸಿಕೊಂಡಿದ್ದ.

ತಂಬಾಕಿನ ಭಾಗ ಹೇಗೆ ಹೋಯಿತೋ ಗೊತ್ತಿಲ್ಲ. ಸೇದಿದರೂ ಜಗಿದರೂ ಅಭ್ಯಾಸ ಹಿಡಿಸುವುದು ಅದರೊಳಗಿನ ನಿಕೋಟಿನ್, ಕ್ಯಾನ್ಸರ್ ತರುವ ವಿಷಗಳು ಬೇರೆಯೇ ಇವೆ ಎಂದೆ. ಬಾಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ ಕಂಡರೆ, ಎರಡು ವಾರವಾದರೂ ಮಾಯದ ಹುಣ್ಣಿದ್ದರೆ, ನೋವಿಲ್ಲ ಎಂದು ಸುಮ್ಮನಿರಬೇಡಿ, ತೋರಿಸಿ ಎಂದೆ. ಚಪ್ಪಾಳೆ ಬಿತ್ತು. ಮೇಷ್ಟ್ರು ಸಮಾಧಾನದಿಂದ ತಲೆದೂಗಿದರು. ಯಜಮಾನರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅಲ್ಲಿಗೆ ಇಳಿದುಬಿಡಬಹುದಿತ್ತು.

"ಇನ್ನೂ ಮುಗಿದಿಲ್ಲ" ಎಂದೆ.

"ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತ ಗಾದೆ ಕೇಳಿದೀರಲ್ಲ? ಮಾನದ ವಿಷ್ಯ ನಂಗೊತ್ತಿಲ್ಲ, ನಾನು ಬಾಯಿ ಡಾಕ್ಟರು. ಅಡಿಕೆಗೆ ಹೋದ ಬಾಯಿ ಮಾತ್ರ ಆನೆ ಕೊಟ್ಟರೂ ಮೊದಲಿನ ಹಾಗೆ ಬರಲ್ಲ. ಪ್ಯಾಕೆಟ್ ಮೇಲೆ ತಂಬಾಕಿಲ್ಲ ಅಂತ ಬರೆದಿರತ್ತೆ. ನಿಜಾನೇ ಇರಬಹುದು. ಆದರೆ ಅಡಿಕೆಗೆ ತಂಬಾಕಿನ ಸಹಾಯ ಬೇಕಿಲ್ಲ. ಅಡಿಕೆ ಒಂದೇ ಸಾಕು ಕ್ಯಾನ್ಸರ್ ತರೋಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ತಜ್ಞರು ಇದನ್ನ ಹೇಳಿ ಬಹಳ ಕಾಲ ಆಯ್ತು. ಅದಕ್ಕೂ ಮೊದಲೇ ಇನ್ನೊಂದು ಆಗತ್ತೆ. ಕೆನ್ನೆ ಒಳಗಿನ ಚರ್ಮ ರಬ್ಬರಿನ ಹಾಗೆ ಮೆತ್ತಗಿರತ್ತಲ್ಲ, ಅದು ಬಿಳಿಚಿಕೊಂಡು, ಒಳಗೆ ನಾರು ಬೆಳೆದು, ಹಗ್ಗದ ಹಾಗೆ ಬಿಗಿಯಾಗತ್ತೆ. ಮೊದಲು ಖಾರಕ್ಕೆ ಉರಿ. ಆಮೇಲೆ ಬಾಯಿ ತೆಗೆಯೋಕೆ ಬಿಗಿತ. ಕಡೆಗೆ ಚಮಚ ಹೋಗೋದೂ ಕಷ್ಟ. ವಯಸ್ಸಾದವರಿಗೆ ಮಾತ್ರ ಅಂದ್ಕೋಬೇಡಿ, ನಿಮ್ಮ ವಯಸ್ಸಿನವರೇ ನಮ್ಮ ಹತ್ರ ಬರ್ತಾರೆ."

ಮೇಷ್ಟ್ರು ಎದ್ದು ನಿಂತಿದ್ದರು. ಗಡಿಯಾರ ತೋರಿಸುತ್ತಿದ್ದರು. ಗೋಡೆಗೆ ಒರಗಿದ್ದ ಪಡೆಯಿಂದ ಯಾರೋ ಕೂಗಿದ: "ಮೇಡಂ, ಬ್ಯಾನರ್ ನೋಡಿ ಮಾತಾಡಿ!" ನನ್ನ ತಲೆಯ ಹಿಂದೆಯೇ ಯಜಮಾನರ ಅಡಿಕೆ ಪ್ಯಾಕೆಟ್ಟಿನ ಚಿತ್ರ, ಮಂಚದಷ್ಟು ಅಗಲ.

"ನೋಡಿಯೇ ಮಾತಾಡ್ತಿದೀನಿ. ನನ್ನ ಮಾತು ನಂಬಬೇಡಿ, ನಿಮ್ಮ ಬೆರಳು ನಂಬಿ. ತೋರುಬೆರಳು, ನಡುಬೆರಳು, ಉಂಗುರದ ಬೆರಳು, ಮೂರೂ ಜೋಡಿಸಿ. ಒಂದರ ಮೇಲೊಂದು ಬರೋ ಹಾಗೆ ಕೈ ತಿರುಗಿಸಿ. ಬಾಯಿ ಪೂರ್ತಿ ತೆಗೆದು ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ಮಧ್ಯೆ ಹಿಡಿಸತ್ತಾ ನೋಡಿ. ಕೈ ತೊಳೆಯದವರು ಬಾಯಿ ಮುಂದೆ ಹಿಡಿದು ಅಳತೆ ನೋಡಿದ್ರೆ ಸಾಕು. ನಿಮ್ಮ ಕೈ ಎಲ್ಲೆಲ್ಲಿ ಹೋಗಿದೆ ನಂಗೇನು ಗೊತ್ತು!"

ನಗು. ಆದರೆ ಬೆರಳುಗಳು ಮೇಲೆದ್ದವು. ಇಡೀ ಸಭಾಂಗಣ ಬಾಯಿ ಬಿಟ್ಟು ಕೂತದ್ದನ್ನು ಯಾವ ಭಾಷಣಕಾರರೂ ನೋಡಿರಲಾರರು. ಹುಡುಗಿಯರು ಪರಸ್ಪರ ತೋರಿಸಿಕೊಂಡು ನಗುತ್ತಿದ್ದರು. ಗೋಡೆಯ ಪಡೆಯಲ್ಲಿ ಇಬ್ಬರು ಮೂವರು ಮಾತ್ರ ನಗುವುದನ್ನು ನಿಲ್ಲಿಸಿ ಕೈ ಕೆಳಗಿಳಿಸಿದರು.

"ಸಾಕಮ್ಮ, ಸಾಕು" ಎಂದರು ಮೇಷ್ಟ್ರು. ರೇಡಿಯೋ ಕಡೆ ತಿರುಗಿ, "ಮೈಕ್ ತಗೊಳ್ಳೋ, ಮುಗಿಸು!"

ಇಂಥ ಹೊತ್ತಿನಲ್ಲಿ ಸಭೆಯನ್ನು ನಗಿಸಿ ಉಳಿಸುವುದು ಅವನ ಕೆಲಸ, ಅವನಿಗೆ ಅದು ಚೆನ್ನಾಗಿ ಬರುತ್ತದೆ. ಹಾರಿಕೊಂಡೇ ಬಂದು ನನ್ನ ಕೈಯಿಂದ ಮೈಕು ಕಿತ್ತುಕೊಂಡ. "ಗೆಳೆಯರೇ, ಹೆದರಬೇಡಿ! ನಮ್ಮಕ್ಕ ಮನೇಲೂ ಹೀಗೇನೆ, ಟೊಮೇಟೊ ನೋಡಿದ್ರೂ ಕಾಯಿಲೆ ಹೆಸರು ಹೇಳ್ತಾಳೆ. ಯಜಮಾನರ ಅಡಿಕೆಯ ಖಾಯಂ ಗಿರಾಕಿ ನಾನು. ದಿನಾ ತಿಂತೀನಿ. ಈಗಲೂ ಬಾಯಲ್ಲಿದೆ. ಏನಾಗಿದೆ ನಂಗೆ? ನೋಡಿ ಬೇಕಾದ್ರೆ!"

ಮೂರು ಬೆರಳು ಜೋಡಿಸಿ, ಸಭೆಗೆ ಒಮ್ಮೆ ತೋರಿಸಿ, ಬಾಯಿ ತೆಗೆದ.

ಎರಡು ಹೋದವು. ಮೂರನೆಯದು ಹಲ್ಲಿಗೆ ತಾಗಿ ನಿಂತಿತು. ಕೈ ಓರೆ ಮಾಡಿದ, ಕುತ್ತಿಗೆ ಹಿಂದಕ್ಕೆ ಬಾಗಿಸಿದ, ಮೈಕು ಹಿಡಿದ ಕೈಯ ಬೆರಳಿನಿಂದಲೇ ಕೆನ್ನೆಯನ್ನು ಎಳೆದ. ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ರೇಡಿಯೋ ನಾಟಕ ಮಾಡುತ್ತಿದ್ದಾನೆ ಎಂದೇ ಎಲ್ಲರೂ ತಿಳಿದರು. ಮೇಷ್ಟ್ರೂ ನಕ್ಕರು. "ಭಲೇ" ಎಂದರು ಯಜಮಾನರು.

ಅವನು ನನ್ನ ಕಡೆ ತಿರುಗಿದ. ಬೆರಳು ಇನ್ನೂ ಹಲ್ಲಿನ ಮೇಲೇ ಇತ್ತು. ಅವನ ಕಣ್ಣಿನಲ್ಲಿ ಆ ದಿಗಿಲನ್ನು ನಾನು ಎರಡನೇ ಸಲ ನೋಡಿದ್ದು. ಮೊದಲನೇ ಸಲ ನೋಡಿದ್ದು ಅವನು ಚಿಕ್ಕವನಿದ್ದಾಗ, ಕೆರೆಯಲ್ಲಿ ಕಾಲು ನೆಲಕ್ಕೆ ಸಿಗದೆ ಹೋದ ದಿನ.

ಇಲ್ಲೇ ನೋಡಿ ನನ್ನ ಗ್ರಹಚಾರ ಕೆಟ್ಟಿದ್ದು. ನಾನೂ ನಕ್ಕುಬಿಟ್ಟರೆ ಅವನ ಮಾನ ಉಳಿಯುತ್ತಿತ್ತು. ಮನೆಗೆ ಹೋಗಿ ಮೆಲ್ಲಗೆ ಹೇಳಬಹುದಿತ್ತು. ರೋಗಿಯ ವಿಷಯ ಹತ್ತು ಜನರ ಮುಂದೆ ಆಡಬಾರದು ಎನ್ನುವುದು ನಮಗೆ ಮೊದಲ ವರ್ಷವೇ ಕಲಿಸುವ ಪಾಠ. ಆದರೆ ನಾನು ನಕ್ಕರೆ ಆ ಸಭಾಂಗಣದ ಮಕ್ಕಳೆಲ್ಲ ಹೊತ್ತುಕೊಂಡು ಹೋಗುವ ಪಾಠ ಒಂದೇ: ಅಡಿಕೆ ತಿಂದರೆ ಏನೂ ಆಗುವುದಿಲ್ಲ, ಅದೊಂದು ತಮಾಷೆ. ಗೋಡೆಯ ಬಳಿ ಕೈ ಇಳಿಸಿದ್ದ ಆ ಇಬ್ಬರು ಮೂವರೂ ಈಗ ಸಮಾಧಾನದಿಂದ ನಗತೊಡಗಿದ್ದರು.

ಮೈಕಿಗೆ ಕೈ ಅಡ್ಡ ಹಿಡಿದು ಕೇಳಿದೆ, "ಹೇಳ್ಲೇನೋ?"

ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮೈಕು ಹಿಡಿದಿದ್ದ ಅವನ ಕೈ ಸಡಿಲವಾಯಿತು. ನಾನು ತೆಗೆದುಕೊಂಡೆ.

"ನಗಬೇಡಿ. ಅವನು ನಾಟಕ ಮಾಡ್ತಿಲ್ಲ."

ಫ್ಯಾನುಗಳ ಸದ್ದು ಆಗ ಕೇಳಿಸಿತು.

"ಇವನು ನನ್ನ ತಮ್ಮ. ಸಿಗರೇಟು ಮುಟ್ಟಿಲ್ಲ, ತಂಬಾಕು ಮುಟ್ಟಿಲ್ಲ. ಬರೀ ಸಿಹಿ ಅಡಿಕೆ. ಇವನ ಬಾಯಿ ಎರಡು ಬೆರಳಿಗೆ ನಿಂತಿದೆ. ಕಾರಣ ಏನು ಅನ್ನೋದು ಪರೀಕ್ಷೆ ಮಾಡಿದ ಮೇಲೇ ಗೊತ್ತಾಗೋದು. ಆದರೆ ಇವತ್ತೇ ನಿಲ್ಲಿಸಿದ್ರೆ ಬಿಗಿತ ಮುಂದೆ ಹೋಗದ ಹಾಗೆ ತಡೀಬಹುದು. ನಿಲ್ಲಿಸದಿದ್ರೆ, ಈ ಕಾಲೇಜಿನ ರೇಡಿಯೋ—"

ಅಲ್ಲಿಗೆ ಮೈಕು ಸತ್ತಿತು. ಮೇಷ್ಟ್ರು ಸ್ವಿಚ್ಚಿನ ಪಕ್ಕ ನಿಂತಿದ್ದರು. ನನಗೇನು, ಹುಟ್ಟಿದ್ದೇ ಮೈಕಿಲ್ಲದೆ. "ಮೂರು ಬೆರಳು ಹಿಡಿಸದವರು ಪಕ್ಕದ ಕೋಣೆಗೆ ಬನ್ನಿ! ಹೆಸರು ಕೇಳಲ್ಲ, ಬೈಯಲ್ಲ!" ಎಂದು ಕೂಗಿದೆ. ತಿರುಗಿ ನೋಡುವಷ್ಟರಲ್ಲಿ ತಮ್ಮ ವೇದಿಕೆಯ ಮೇಲಿರಲಿಲ್ಲ. ಸಭೆಯ ನಡುವಿನ ದಾರಿಯಲ್ಲಿ, ಯಾರ ಮುಖವನ್ನೂ ನೋಡದೆ, ಬಾಗಿಲ ಕಡೆ ಹೋಗುತ್ತಿದ್ದ.

ಯಜಮಾನರು ನನ್ನನ್ನು ಮೆಟ್ಟಿಲ ಬಳಿ ತಡೆದರು. ಕೂಗಾಡಲಿಲ್ಲ. "ಮಗಳೇ, ನಾನು ನಿಮ್ಮ ಕಾರ್ಯಕ್ರಮಕ್ಕೆ ಖರ್ಚು ಮಾಡಿದೆ. ನೀನು ನನ್ನ ಮನೆ ಮುರೀತಿದೀಯ."

"ನಿಮ್ಮ ಮನೆ ದೊಡ್ಡದು ಯಜಮಾನ್ರೇ, ಬೇಗ ಮುರಿಯಲ್ಲ. ಒಂದು ಮಾತು. ನೀವು ತಿಂತೀರಾ ಅದನ್ನ?"

"ನಂಗ್ಯಾಕೆ ಅದು, ನಂಗೆ ಅಭ್ಯಾಸ ಇಲ್ಲ" ಎಂದರು. ಅಂದವರೇ ಬ್ಯಾನರಿನ ಕಡೆ ಒಮ್ಮೆ ನೋಡಿ ಮೆಟ್ಟಿಲಿಳಿದರು.

ಮೇಷ್ಟ್ರು ನನ್ನ ಜೊತೆ ಮಾತಾಡಲೇ ಇಲ್ಲ. ನಮ್ಮವರಿಗೆ ಹೇಳಿದರು: "ಕುರ್ಚಿ ಎತ್ತಿ, ಹೊರಡಿ." ಆದರೆ ಪಕ್ಕದ ಕೋಣೆಯ ಮುಂದೆ ಆಗಲೇ ಸಾಲು ನಿಂತಿತ್ತು. ಗೋಡೆಯ ಪಡೆಯ ಆ ಇಬ್ಬರು ಮೂವರು, ಅವರ ಹಿಂದೆ ಇನ್ನೂ ಕೆಲವರು. ಒಬ್ಬ ಹುಡುಗಿ ಮೇಷ್ಟ್ರ ಮುಖ ನೋಡಿಯೇ ಹೇಳಿದಳು, "ಸಾರ್, ನಾವು ತೋರಿಸ್ಕೊಂಡೇ ಹೋಗೋದು." ಕುರ್ಚಿಗಳು ಎತ್ತಿದವರ ಕೈಯಿಂದ ಮತ್ತೆ ಕೆಳಗಿಳಿದವು. ಬಂದವರ ಬಾಯನ್ನೆಲ್ಲ ನೋಡಿದೆವು. ಸಾಲು ಕರಗುವವರೆಗೂ ನಾನು ಬಾಗಿಲ ಕಡೆ ನೋಡುತ್ತಲೇ ಇದ್ದೆ. ಅವನು ಬರಲಿಲ್ಲ.

ಮನೆಯಲ್ಲಿ ಅವನ ಕೋಣೆಯ ಬಾಗಿಲು ಹಾಕಿತ್ತು. ಅಮ್ಮನಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. "ಒಡಹುಟ್ಟಿದವನನ್ನ ಊರ ಮುಂದೆ ನಿಲ್ಲಿಸಿ ಬಾಯಿ ಬಿಡಿಸಿದ್ಯಂತೆ" ಎಂದಳು.

"ಅವನೇ ಬಿಟ್ಟದ್ದು ಅಮ್ಮ."

"ನೀನು ಮುಚ್ಚಬಹುದಿತ್ತು."

"ಮುಚ್ಚೋದನ್ನ ಅಡಿಕೆ ಮಾಡ್ತಿದೆಯಲ್ಲ, ನಾನ್ಯಾಕೆ ಮಾಡ್ಲಿ?"

ಅಮ್ಮ ಸೌಟು ಕೆಳಗಿಟ್ಟು ಅಲ್ಲೇ ಕೂತಳು. "ಅಷ್ಟಾಗಿದೆಯಾ?" ಎಂದಳು, ಬಹಳ ಸಣ್ಣ ದನಿಯಲ್ಲಿ. ಬಾಗಿಲು ತಟ್ಟಿದೆ. ಒಳಗಿನಿಂದ ಒಂದೇ ಮಾತು ಬಂತು: "ಹೋಗೆ."

ಮರುದಿನ ಮೇಡಂ ಕರೆದರು. ಆ ಕಾಲೇಜು ಇನ್ನು ನಮ್ಮನ್ನು ಕರೆಯುವುದಿಲ್ಲವಂತೆ. ಮಿತಿ ಮೀರಿ ಮಾತಾಡಿದೆ, ಕ್ಷಮಿಸಿ ಎಂದು ನಾನು ಹೋಗಿ ಹೇಳಿದರೆ ಮುಂದಿನ ಮಾತಂತೆ. "ಮುಂದಿನ ವರ್ಷ ಸೇರೋ ಮಕ್ಕಳ ಬಾಯಿ ಯಾರು ನೋಡ್ತಾರೆ? ಅದಕ್ಕೆ ಉತ್ತರ ಇದೆಯಾ ನಿನ್ನ ಹತ್ರ?"

ಇರಲಿಲ್ಲ. ಈಗಲೂ ಇಲ್ಲ. "ತಮ್ಮನ ಹತ್ರ ಬೇಕಾದ್ರೆ ಕ್ಷಮೆ ಕೇಳ್ತೀನಿ ಮೇಡಂ. ಅಡಿಕೆ ಹತ್ರ ಕೇಳಲ್ಲ" ಎಂದೆ. "ಮೊದಲು ನಮ್ಮ ಗೋಡೆ ಮೇಲಿನ ಪೋಸ್ಟರ್ ಬದಲಾಯಿಸೋಣ. ಅದನ್ನ ನೋಡಿಯೇ ಅವನು ತಿಂದದ್ದು." ಮೇಡಂ ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸಿದರು. "ಹೊರಗೆ ಹೋಗು, ರೋಗಿಗಳು ಕಾಯ್ತಿದಾರೆ" ಎಂದರಷ್ಟೇ.

ಹೊರಗೆ ಬಂದಾಗ ಮರದ ಅಡ್ಡಗೋಡೆಯ ಆಚೆಯಿಂದ ನನ್ನ ಸಹಪಾಠಿಯ ದನಿ ಕೇಳಿಸಿತು. "ಇನ್ನೂ ತೆಗೀರಿ... ಇನ್ನೂ... ಆಗ್ತಿಲ್ವಾ? ಸರಿ, ಇಪ್ಪತ್ತೆಂಟು ಮಿಲಿಮೀಟರ್." ಆರೋಗ್ಯದ ಬಾಯಿ ನಲವತ್ತರ ಆಸುಪಾಸು ತೆರೆಯಬೇಕು. "ಕೆನ್ನೆ ಬಿಳಿಚಿಕೊಂಡಿದೆ. ಒಳಗೆ ನಾರಿನ ಪಟ್ಟಿ ಕೈಗೆ ಸಿಗ್ತಿದೆ. ಎಷ್ಟು ದಿನದಿಂದ ಉರಿ?"

ಉತ್ತರ ಹೇಳಿದ ದನಿ ಯಾರದೆಂದು ನನಗೆ ಬೇರೆ ಹೇಳಬೇಕಾಗಿರಲಿಲ್ಲ.

"ಅಕ್ಕನ್ನ ಕರೀಲಾ?" ಎಂದ ಸಹಪಾಠಿ.

"ಬೇಡ. ಅವಳ ಮುಖ ನೋಡಕ್ಕೆ ಬಂದಿಲ್ಲ ನಾನು." ಆಮೇಲೆ, "ಮೈಕು, ಮಾತು, ಇದೆಲ್ಲ ಉಳಿಯತ್ತಾ?" ಎಂದು ಕೇಳಿದ.

"ಅಡಿಕೆ ಇವತ್ತೇ ಬಿಟ್ಟರೆ ಉಳಿಸ್ಕೋಬಹುದು. ದಿನಾ ಬಾಯಿ ತೆಗೆಯೋ ವ್ಯಾಯಾಮ, ಬೇಕಾದ್ರೆ ಇಂಜೆಕ್ಷನ್. ಪೂರ್ತಿ ಮೊದಲಿನ ಹಾಗಾಗತ್ತೆ ಅಂತ ಸುಳ್ಳು ಹೇಳಲ್ಲ. ಬಿಟ್ಟ ಮೇಲೂ ಆಗಾಗ ಬಂದು ತೋರಿಸ್ತಾ ಇರಬೇಕು, ಕ್ಯಾನ್ಸರಿನ ಭಯ ಪೂರ್ತಿ ಹೋಗಲ್ಲ."

ಕಸದ ಡಬ್ಬಿಯ ಮುಚ್ಚಳ ತೆರೆದ ಸದ್ದು. ಪ್ಯಾಕೆಟ್ಟುಗಳ ಸರ ಸರಸರನೆ ಒಳಗೆ ಬಿದ್ದ ಸದ್ದು. ನಾನು ಅಡ್ಡಗೋಡೆಗೆ ಬೆನ್ನು ಕೊಟ್ಟು ನಿಂತೇ ಇದ್ದೆ, ಉಸಿರಾಡಿದರೆ ಕೇಳಿಸೀತು ಎಂದು ಬಾಯಿಬಡುಕಿಯ ಬಾಯಿ ಬಿಗಿ ಹಿಡಿದು.

ಹೊರಗೆ ಬಂದವನು ನನ್ನನ್ನು ಕಂಡ. "ನೆಗಡಿ ಬಂದವಳ ಹಾಗೆ ಮೂಗು ಸೊರಗುಟ್ಟಿಸ್ಬೇಡ" ಎಂದ. "ಬಿಟ್ಟಿದ್ದು ನಂಗೋಸ್ಕರ. ನಿನ್ನ ಮೇಲಿನ ಕೋಪ ಹಾಗೇ ಇದೆ, ಅದನ್ನ ಬಿಡಲ್ಲ."

"ಬಿಡಬೇಡ. ಅದು ಬಾಯಿಗೆ ಒಳ್ಳೇ ವ್ಯಾಯಾಮ."

ಅವನು ನಗಲಿಲ್ಲ. ಆ ದಿನದಿಂದ ಮನೆಯಲ್ಲಿ ನನ್ನ ಜೊತೆ ಅವನ ಮಾತಿಲ್ಲ. ಬೆಳಗ್ಗೆ ಕನ್ನಡಿಯ ಮುಂದೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಹಲ್ಲಿನ ನಡುವೆ ಜೋಡಿಸಿ ಬಾಯಿ ಹಿಗ್ಗಿಸುತ್ತಾನೆ, ನಾನು ಹಾದುಹೋದರೆ ಬೆನ್ನು ತಿರುಗಿಸುತ್ತಾನೆ. ಆ ಕಾಲೇಜಿನಲ್ಲಿ ಇನ್ನು ನಮ್ಮ ತಪಾಸಣೆ ಇಲ್ಲ. ನಮ್ಮ ಗೋಡೆಯ ಮೇಲೆ ಹೊಸ ಪೋಸ್ಟರ್ ಇದೆ, ಮೂರು ಬೆರಳಿನ ಚಿತ್ರದ್ದು. ಮೇಡಂ ಯಾರಿಗೂ ಹೇಳದೆ ತಾವೇ ಅಂಟಿಸಿದ್ದು.

ತಪ್ಪು ಮಾಡಿದೆ ಎಂದು ಅಮ್ಮ ಹೇಳುತ್ತಾಳೆ, ಆಮೇಲೆ ಅವನ ತಟ್ಟೆಗೆ ಖಾರವಿಲ್ಲದ್ದನ್ನು ಬಡಿಸುತ್ತಾಳೆ. ನಾನು ಮಾತ್ರ ಇನ್ನೊಮ್ಮೆ ಆ ಮೈಕು ಸಿಕ್ಕರೂ ಅದನ್ನೇ ಹೇಳುತ್ತೇನೆ. ಈಗ ನಿಮ್ಮ ಸರದಿ. ಸಭೆ ನಗುತ್ತಿದೆ, ನಿಮ್ಮ ತಮ್ಮನ ಮೂರನೇ ಬೆರಳು ಹಲ್ಲಿಗೆ ತಾಗಿ ನಿಂತಿದೆ, ಅವನು ನಿಮ್ಮನ್ನೇ ನೋಡುತ್ತಿದ್ದಾನೆ. ಅವನ ಜೊತೆ ನೀವೂ ನಗುತ್ತಿದ್ದಿರಾ, ಇಲ್ಲ ಮೈಕು ತೆಗೆದುಕೊಳ್ಳುತ್ತಿದ್ದಿರಾ?